ಮೋಡದ ಪಾತ್ರವನ್ನು ಯಾರಿಗೂ ಕೊಡಬೇಡಿ

ಪ್ರಶ್ನೆ: ನಾನು ಕೊಡಗಿನ ಒಂದು ಸರ್ಕಾರಿ ಶಾಲೆಯಲ್ಲಿ ಮೂರನೇ ತರಗತಿಯ ಶಿಕ್ಷಕಿ. ತರಗತಿಯಲ್ಲಿ 24 ಮಕ್ಕಳಿದ್ದಾರೆ. ಜಲಚಕ್ರದ ಪಾಠಕ್ಕೆ ಸೂರ್ಯ, ಮೋಡ, ಹನಿ, ನದಿ ಎಂದು ಪಾತ್ರ ಹಂಚಿ ಒಂದು ಸಣ್ಣ ನಾಟಕ ಮಾಡಿಸಿದೆ. ಮಕ್ಕಳು ಮಾತು ತಪ್ಪದೆ ಚೆನ್ನಾಗಿಯೇ ಆಡಿದರು. ಮರುದಿನ "ಮೋಡ ಎಲ್ಲಿಂದ ಬಂತು?" ಎಂದು ಕೇಳಿದರೆ ಯಾರಿಗೂ ಹೇಳಲಾಗಲಿಲ್ಲ. ನಾಟಕವನ್ನೇ ಬಿಡಬೇಕೇ ಅಥವಾ ಬೇರೆ ರೀತಿಯಲ್ಲಿ ಮಾಡಿಸಬೇಕೇ? ಮಳೆಗಾಲದಲ್ಲಿ ನಮಗೆ ಮೈದಾನ ಸಿಗುವುದಿಲ್ಲ.

ಉತ್ತರ: ನಾಟಕವನ್ನು ಬಿಡಬೇಡಿ, ಪಾತ್ರ ಹಂಚುವ ಕ್ರಮವನ್ನು ಬದಲಿಸಿ. ನಾನೂ ಮೊದಲ ಸಲ ಈ ಪಾಠವನ್ನು ಇದೇ ರೀತಿ ಮಾಡಿಸಿದ್ದೆ. ರಟ್ಟಿನಲ್ಲಿ ನಾಲ್ಕು ಮೋಡಗಳನ್ನು ಕತ್ತರಿಸಿ, ಹತ್ತಿ ಅಂಟಿಸಿ, ನಾಲ್ಕು ಮಕ್ಕಳ ಕೈಗೆ ಕೊಟ್ಟಿದ್ದೆ. ಆಟ ಮುಗಿದ ಮೇಲೆ ಚಿತ್ರ ಬರೆಯಲು ಹೇಳಿದಾಗ ಬಹುತೇಕ ಮಕ್ಕಳು ಮೋಡವನ್ನು ಒಂದು ಚೀಲದಂತೆ ಬರೆದು, ಅದರ ಹೊಟ್ಟೆಯೊಳಗೆ ನೀರನ್ನು ತುಂಬಿಸಿದ್ದರು. ಮಳೆ ಬರುವ ಮುಂಚೆ ಮೋಡ ಎಲ್ಲಿತ್ತು ಎಂದು ಕೇಳಿದ್ದಕ್ಕೆ ಒಬ್ಬ ಹುಡುಗ "ಮೂಲೆಯಲ್ಲಿ ನಿಂತಿತ್ತು" ಎಂದ. ಅವನ ಉತ್ತರದಲ್ಲಿ ತಪ್ಪೇನೂ ಇರಲಿಲ್ಲ, ಏಕೆಂದರೆ ನಾನು ಮಾಡಿಸಿದ ನಾಟಕದಲ್ಲಿ ಮೋಡ ಆರಂಭದಿಂದಲೂ ಮೂಲೆಯಲ್ಲಿ ನಿಂತು ತನ್ನ ಸರದಿಗಾಗಿ ಕಾಯುತ್ತಿತ್ತು. ನೀರು ಮೇಲೆ ಹೋಗಿ ಅದರೊಳಗೆ ಸೇರಿಕೊಳ್ಳುತ್ತದೆ, ಆಮೇಲೆ ಹೊರಗೆ ಬೀಳುತ್ತದೆ ಎಂಬುದನ್ನು ಮಕ್ಕಳು ನನ್ನಿಂದಲೇ ಕಲಿತಿದ್ದರು.

ಒಂದು ಮಗುವಿಗೆ ಮೋಡದ ಪಾತ್ರವನ್ನೂ ಇನ್ನೊಂದಕ್ಕೆ ನದಿಯ ಪಾತ್ರವನ್ನೂ ಕೊಟ್ಟ ಕ್ಷಣದಲ್ಲಿಯೇ ಅವು ಹನಿಗಳಿಂದ ಬೇರೆಯಾದ ವಸ್ತುಗಳಾಗಿಬಿಡುತ್ತವೆ. ವಾಸ್ತವದಲ್ಲಿ ಮೋಡವೆಂದರೆ ತಣ್ಣಗಿನ ಗಾಳಿಯಲ್ಲಿ ತೇಲುತ್ತಿರುವ ಅತಿ ಸಣ್ಣ ಹನಿಗಳ ಗುಂಪು, ನದಿಯೆಂದರೆ ಇಳಿಜಾರಿನಲ್ಲಿ ಒಟ್ಟಾಗಿ ಸಾಗುತ್ತಿರುವ ನೀರು. ಆದ್ದರಿಂದ ನಿಮ್ಮ 24 ಮಕ್ಕಳೂ ಹನಿಗಳೇ ಆಗಿರಲಿ. ಅವರೇ ಸೇರಿ ಸಮುದ್ರವಾಗಲಿ, ಬಿಡಿಬಿಡಿಯಾಗಿ ಆವಿಯಾಗಲಿ, ಮತ್ತೆ ಗುಂಪುಗೂಡಿ ಮೋಡವಾಗಲಿ, ಸಾಲುಗಟ್ಟಿ ನದಿಯಾಗಲಿ. ಸೂರ್ಯ ಮತ್ತು ಗಾಳಿ ನೀರಲ್ಲ. ಆ ಎರಡು ಕೆಲಸಗಳನ್ನು ಮೊದಲ ಸಲ ನೀವೇ ವಹಿಸಿಕೊಳ್ಳಿ. ಒಂದು ಸ್ಟೀಲ್ ತಟ್ಟೆಯನ್ನು ಬಡಿದರೆ ಬಿಸಿಲು, ರಟ್ಟಿನ ಬೀಸಣಿಗೆಯನ್ನು ಬೀಸಿದರೆ ಗಾಳಿ ಎಂದು ಗೊತ್ತು ಮಾಡಿಕೊಂಡರೆ ಸಾಕು. ನಲಿ-ಕಲಿ ಕೊಠಡಿಯಾಗಿ ಒಂದನೇ, ಎರಡನೇ ತರಗತಿಯ ಮಕ್ಕಳೂ ಜೊತೆಗಿದ್ದರೆ ತಟ್ಟೆ ಮತ್ತು ಬೀಸಣಿಗೆಯನ್ನು ಅವರ ಕೈಗೆ ಕೊಡಬಹುದು.

ಈಗ ಅತ್ಯಂತ ಕಠಿಣವಾದ ಭಾಗಕ್ಕೆ ಬರುತ್ತೇನೆ. ಆವಿ ಕಣ್ಣಿಗೆ ಕಾಣಿಸುವುದಿಲ್ಲ, ಮಗುವಾದರೋ ಕಣ್ಣೆದುರಿಗೇ ನಿಂತಿರುತ್ತದೆ. ಕಾಣದ ವಸ್ತುವನ್ನು ಕಾಣುವ ದೇಹದಿಂದ ಆಡಿ ತೋರಿಸಲು ನಾನು ಬಳಸುವ ಉಪಾಯ ಸರಳವಾದದ್ದು. ದರ್ಜಿಯ ಅಂಗಡಿಯಲ್ಲಿ ಉಳಿದ ನೀಲಿ ಬಟ್ಟೆಯಿಂದ ಒಂದು ಅಡಿ ಉದ್ದದ ಪಟ್ಟಿಗಳನ್ನು ಕತ್ತರಿಸಿ ಪ್ರತಿ ಮಗುವಿಗೂ ಒಂದೊಂದು ಕೊಡುತ್ತೇನೆ. ಪಟ್ಟಿ ಕೈಯಲ್ಲಿ ತೂಗುತ್ತಿದ್ದರೆ ಅದು ಕಾಣುವ ನೀರು, ಮುಷ್ಟಿಯೊಳಗೆ ಮುಚ್ಚಿಕೊಂಡಿದ್ದರೆ ಅದು ಆವಿ. ಮುಷ್ಟಿ ಮುಚ್ಚಿದ ಮಗು ಒಂಟಿಯಾಗಿ, ಸದ್ದಿಲ್ಲದೆ, ಯಾರನ್ನೂ ಮುಟ್ಟದೆ ನಡೆಯಬೇಕು. ನೀರಾಗಿರುವ ಮಕ್ಕಳು ಭುಜಕ್ಕೆ ಭುಜ ತಾಗುವಂತೆ ಒತ್ತಾಗಿ ನಿಲ್ಲಬೇಕು. ಮೋಡವಾದಾಗ ಪಟ್ಟಿ ಮತ್ತೆ ಹೊರಗೆ ಬರುತ್ತದೆ, ಆದರೆ ಮಕ್ಕಳ ನಡುವೆ ಒಂದು ತೋಳಿನಷ್ಟು ಅಂತರವಿರುತ್ತದೆ. ಈ ಮೂರು ನಿಲುವುಗಳನ್ನು ಐದು ನಿಮಿಷ ಅಭ್ಯಾಸ ಮಾಡಿಸಿದರೆ ಮಾತುಗಳೇ ಬೇಕಾಗುವುದಿಲ್ಲ. ನಾನು ಈ ಆಟಕ್ಕೆ ಸಂಭಾಷಣೆಯನ್ನು ಬರೆಯುವುದನ್ನೇ ಬಿಟ್ಟಿದ್ದೇನೆ. ಸಂಭಾಷಣೆಯಿದ್ದಾಗ ಮಗುವಿನ ಗಮನವೆಲ್ಲ ಮುಂದಿನ ಮಾತನ್ನು ನೆನಪಿಟ್ಟುಕೊಳ್ಳುವುದರಲ್ಲಿ ಕಳೆಯುತ್ತದೆ; ತಾನು ಈಗ ಯಾವ ಸ್ಥಿತಿಯಲ್ಲಿದ್ದೇನೆ ಎಂಬುದು ಅದಕ್ಕೆ ಹೊಳೆಯುವುದಿಲ್ಲ. ಅದೂ ಅಲ್ಲದೆ, ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ ಅಥವಾ ಯರವ ಭಾಷೆಯನ್ನಾಡುವ ಮಕ್ಕಳು ಒಂದೇ ಕೊಠಡಿಯಲ್ಲಿರುವ ನಮ್ಮ ಶಾಲೆಗಳಲ್ಲಿ, ಮಾತಿಲ್ಲದ ಆಟದಲ್ಲಿ ಹಿಂದೆ ಉಳಿಯುವ ಮಗು ಬಹಳ ಕಡಿಮೆ.

ಆಟಕ್ಕೆ ಮುಂಚೆ ಮಕ್ಕಳು ಎರಡು ಸಂಗತಿಗಳನ್ನು ಕಣ್ಣಾರೆ ನೋಡಿರಬೇಕು. ನೋಡಿರದಿದ್ದರೆ ಮುಷ್ಟಿ ಮುಚ್ಚುವುದೂ ತೆರೆಯುವುದೂ ಬರೀ ಕವಾಯತು ಆಗಿಬಿಡುತ್ತದೆ.

ಮೊದಲನೆಯದು ಒದ್ದೆ ಅಂಗೈ. ಪ್ರತಿ ಮಗುವೂ ಅಂಗೈಯನ್ನು ನೀರಿನಲ್ಲಿ ಅದ್ದಿ ಕಪ್ಪುಹಲಗೆಯ ಮೇಲೆ ಒತ್ತಲಿ, ತನ್ನ ಅಚ್ಚಿನ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆಯಲಿ. ಅಚ್ಚು ಅಂಚಿನಿಂದ ಒಳಗೆ ಕುಗ್ಗುತ್ತಾ ಹೋಗುವುದನ್ನು ಮಕ್ಕಳು ಬೆರಗಿನಿಂದ ನೋಡುತ್ತಾರೆ. ಡಿಸೆಂಬರಿನ ಬಿಸಿಲಿನಲ್ಲಿ ಇದು ಕೆಲವೇ ನಿಮಿಷಗಳ ಕೆಲಸ. ಜುಲೈ ತಿಂಗಳಿನಲ್ಲಾದರೆ ಅಚ್ಚು ಬಹಳ ಹೊತ್ತು ಹಾಗೆಯೇ ಇರುತ್ತದೆ. ಅದನ್ನು ಪ್ರಯೋಗದ ಸೋಲೆಂದು ತಿಳಿಯಬೇಡಿ. ಕಕ್ಕಡ ಮಾಸದಲ್ಲಿ ಸಮವಸ್ತ್ರ ಮೂರು ದಿನವಾದರೂ ಒಣಗದೆ, ಕೊನೆಗೆ ಅಮ್ಮ ಅದನ್ನು ಒಲೆಯ ಮೇಲಿನ ಹಗ್ಗಕ್ಕೆ ಹಾಕುವುದನ್ನು ಕೊಡಗಿನ ಮಗು ಚೆನ್ನಾಗಿ ಬಲ್ಲದು. ಗಾಳಿಯಲ್ಲಿ ಆಗಲೇ ಆವಿ ತುಂಬಿಕೊಂಡಿರುವಾಗ ಬಟ್ಟೆಯ ನೀರು ನಿಧಾನವಾಗಿ ಮಾತ್ರ ಆವಿಯಾಗಬಲ್ಲದು, ಬೆಂಕಿಯ ಬಿಸಿ ಅದನ್ನು ಬೇಗನೆ ಬಿಡಿಸುತ್ತದೆ. ಒಂದು ಸ್ಲೇಟಿನ ಮೇಲೆ ಅಂಗೈಯ ಅಚ್ಚು ಒತ್ತಿ ಬಿಸಿಯೂಟದ ಅಡುಗೆಮನೆಯ ಒಲೆಯಿಂದ ಸ್ವಲ್ಪ ದೂರದಲ್ಲಿ ನೀವೇ ಇಟ್ಟು, ಇನ್ನೊಂದನ್ನು ತರಗತಿಯಲ್ಲೇ ಉಳಿಸಿಕೊಂಡರೆ ಈ ವ್ಯತ್ಯಾಸವನ್ನು ಮಳೆಗಾಲದಲ್ಲೂ ತೋರಿಸಬಹುದು.

ಎರಡನೆಯದು ತಣ್ಣಗಿನ ಲೋಟ. ಇದಕ್ಕೆ ಮಳೆಗಾಲವೇ ಹೆಚ್ಚು ಅನುಕೂಲ. ಸ್ಟೀಲ್ ಲೋಟದಲ್ಲಿ ಅರಿಶಿನ ಕದಡಿದ ನೀರನ್ನು ಅರ್ಧದಷ್ಟು ತುಂಬಿ, ಹೊರಮೈಯನ್ನು ಒಣಬಟ್ಟೆಯಿಂದ ಒರೆಸಿ, ಮಕ್ಕಳು ಮುಟ್ಟಿ ನೋಡಿದ ಮೇಲೆ ನಾಲ್ಕೈದು ಐಸ್ ತುಂಡುಗಳನ್ನು ಹಾಕಿ ಒಣ ಕಾಗದದ ಮೇಲಿಡಿ. ಹತ್ತು ನಿಮಿಷದೊಳಗೆ ಹೊರಮೈಯಲ್ಲಿ ಹನಿ ಮೂಡುತ್ತದೆ. "ಲೋಟ ಸೋರುತ್ತಿದೆ" ಎಂದು ಒಬ್ಬರಾದರೂ ಹೇಳಿಯೇ ಹೇಳುತ್ತಾರೆ. ಅರಿಶಿನವನ್ನು ಹಾಕಿದ್ದು ಇದಕ್ಕಾಗಿಯೇ. ಬಿಳಿ ಬಟ್ಟೆಯಿಂದ ಆ ಹನಿಗಳನ್ನು ಒರೆಸಿ ತೋರಿಸಿ, ಬಟ್ಟೆಗೆ ಹಳದಿ ಹತ್ತುವುದಿಲ್ಲ. ಒಳಗಿನ ನೀರಲ್ಲವೆಂದರೆ ಈ ನೀರು ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ಅಲ್ಲಿಯೇ ಬಿಟ್ಟು ಒಂದು ರಾತ್ರಿ ಕಾಯಿರಿ. ಆಟದಲ್ಲಿ ಮುಷ್ಟಿ ತೆರೆಯುವಾಗ ಉತ್ತರ ಅವರಿಗೇ ಸಿಗಬೇಕು. ಇದನ್ನು ಮಕ್ಕಳೊಡನೆ ಮಾತನಾಡುವಾಗ "ಹನಿಗಟ್ಟುವುದು" ಎಂದರೆ ಸಾಕು. ಸಾಂದ್ರೀಕರಣ ಎಂಬ ಪದ ಮುಂದಿನ ತರಗತಿಗಳಲ್ಲಿ ಬರುತ್ತದೆ. ಘನೀಕರಣ ಎಂಬುದನ್ನಂತೂ ಇಲ್ಲಿ ಬಳಸಬೇಡಿ, ಅದು ನೀರು ಮಂಜುಗಡ್ಡೆಯಾಗುವುದಕ್ಕೆ ಸಲ್ಲುವ ಪದ.

ಮೋಡದ ವಿಷಯದಲ್ಲಿ ನಿಮ್ಮ ಮಕ್ಕಳಿಗೆ ಇರುವ ಅನುಕೂಲ ಬಯಲುಸೀಮೆಯ ಮಕ್ಕಳಿಗೆ ಸುಲಭವಾಗಿ ಸಿಗುವಂಥದ್ದಲ್ಲ. ಅವರು ಮೋಡದ ಒಳಗೆ ನಡೆದುಕೊಂಡು ಶಾಲೆಗೆ ಬಂದವರು. ಬೆಳಗ್ಗೆ ಬೆಟ್ಟವನ್ನು ಮುಚ್ಚಿ ರಸ್ತೆಗೆ ಇಳಿಯುವ ಮಂಜು ನೆಲವನ್ನು ಮುಟ್ಟಿದ ಮೋಡವೇ ಆಗಿದೆ. ಅದರ ಒಳಗೆ ನಡೆದಾಗ ಸ್ವೆಟರಿನ ನೂಲಿನ ಮೇಲೆ, ಹುಬ್ಬಿನ ಮೇಲೆ, ಕಾಫಿ ಗಿಡಗಳ ನಡುವಿನ ಜೇಡರಬಲೆಯ ಮೇಲೆ ಸಣ್ಣ ಸಣ್ಣ ಹನಿಗಳು ಕೂತಿರುವುದನ್ನು ಅವರು ನೋಡಿದ್ದಾರೆ. ಆಟದ ದಿನ ಅಥವಾ ಅದಕ್ಕೆ ಮುಂಚಿನ ಒಂದು ಮಂಜಿನ ಬೆಳಿಗ್ಗೆ "ಮಂಜಿನೊಳಗೆ ಬರುವಾಗ ನಿಮ್ಮ ಮೈಗೆ ಏನು ತಾಗಿತು? ಮಂಜಿಗೆ ಗೋಡೆ ಇತ್ತೇ, ಬಾಗಿಲು ಇತ್ತೇ?" ಎಂದು ಕೇಳಿ. ಚೀಲದಂಥ ಮೋಡದ ಕಲ್ಪನೆ ಅಲ್ಲಿಯೇ ಸಡಿಲವಾಗುತ್ತದೆ. ನಾನು ಆ ಪ್ರಶ್ನೆ ಕೇಳಿದಾಗ ಒಬ್ಬ ಹುಡುಗಿ, ಲೈನ್ ಮನೆಯಿಂದ ಬರುವವಳು, "ಮಂಜು ಬರೀ ಒದ್ದೆ ಗಾಳಿ ಟೀಚರ್, ಹಿಡಿಯಕ್ಕೆ ಏನೂ ಸಿಗಲ್ಲ" ಎಂದಳು. ಮೋಡದ ಬಗ್ಗೆ ಮೂರನೇ ತರಗತಿಯಲ್ಲಿ ಇದಕ್ಕಿಂತ ಒಳ್ಳೆಯ ವಾಕ್ಯವನ್ನು ನಾನು ಕೇಳಿಲ್ಲ.

ಇನ್ನು ಆಟದ ನೆಲ. 20 ಅಡಿ ಉದ್ದದ ಕೊಠಡಿ ಮತ್ತು ಅದರ ಜಗಲಿ ಸಾಕು. ಬೆಂಚುಗಳನ್ನು ಸರಿಸಿ, ನಿಜವಾದ ಪಶ್ಚಿಮ ದಿಕ್ಕಿನ ಗೋಡೆಯ ಬದಿಗೆ ಅರಬ್ಬೀ ಸಮುದ್ರವನ್ನು ಸೀಮೆಸುಣ್ಣದಿಂದ ಬರೆಯಿರಿ. ಅಲ್ಲಿಂದ ಪೂರ್ವಕ್ಕೆ ಒಂದರ ಹಿಂದೆ ಒಂದರಂತೆ ಮೂರು ಅಡ್ಡಗೆರೆಗಳನ್ನು ಎಳೆಯಿರಿ. ಅವು ಘಟ್ಟದ ಏರು. ಮೂರನೇ ಗೆರೆಯ ಆಚೆಗೆ ದಪ್ಪವಾದ ಒಂದು ಗೆರೆ ಬೆಟ್ಟದ ನೆತ್ತಿ. ನೆತ್ತಿಯಿಂದ ಪೂರ್ವಕ್ಕೆ ಅಂಕುಡೊಂಕಾಗಿ ಕಾವೇರಿ, ಅದರ ಪಕ್ಕದಲ್ಲಿ ಒಂದು ದೊಡ್ಡ ಚೌಕ ಕಾಡಿನ ಮತ್ತು ತೋಟದ ಮಣ್ಣು, ಒಂದು ಸಣ್ಣ ವೃತ್ತ ಕೆರೆ, ಜಗಲಿಯ ಕೊನೆಯಲ್ಲಿ ಬಂಗಾಳ ಕೊಲ್ಲಿ. ಎತ್ತರವನ್ನು ತೋರಿಸುವುದಕ್ಕಾಗಿ ಮಕ್ಕಳನ್ನು ಬೆಂಚಿನ ಮೇಲೆ ಹತ್ತಿಸಬೇಡಿ. ಸಾಲಾಗಿ ಹತ್ತಿ ಇಳಿಯುವಾಗ ಬೀಳುತ್ತಾರೆ, ಪಾಠವೂ ನಿಲ್ಲುತ್ತದೆ. ಪ್ರತಿ ಗೆರೆ ದಾಟಿದಾಗ "ಇನ್ನೂ ಮೇಲೆ, ಇನ್ನೂ ತಣ್ಣಗೆ" ಎಂದು ಎಲ್ಲರೂ ಮೆಲ್ಲಗೆ ಹೇಳಿದರೆ ಸಾಕು. ಕಣ್ಣೂರು ಅಥವಾ ಮಂಗಳೂರಿಗೆ ಹೋಗಿ ಬೆವರಿದ ಮಗುವಿಗೆ, ಸುಮಾರು 1,270 ಮೀಟರ್ ಎತ್ತರದ ತಲಕಾವೇರಿಯಲ್ಲಿ ಏಕೆ ನಡುಗುವ ಹಾಗಾಗುತ್ತದೆ ಎಂಬುದು ಅನುಭವದಿಂದ ಗೊತ್ತಿರುತ್ತದೆ. ಮೇಲೇರಿದ ಗಾಳಿ ಹಿಗ್ಗುತ್ತದೆ, ಹಿಗ್ಗಿದಾಗ ತಣ್ಣಗಾಗುತ್ತದೆ. ತಣ್ಣಗಾದ ಗಾಳಿಯಲ್ಲಿ ಆವಿಯೆಲ್ಲವೂ ಆವಿಯಾಗಿಯೇ ಉಳಿಯಲಾರದು. ಈ ವಿವರಣೆ ನಿಮಗಾಗಿ. ಮಕ್ಕಳಿಗೆ "ಮೇಲೆ ತಣ್ಣಗೆ" ಎಂಬಷ್ಟೇ ಸಾಕು.

24 ಮಕ್ಕಳಿಗೆ ಆಟದ ಮೊದಲ ಸುತ್ತನ್ನು ಲೆಕ್ಕ ಸಮೇತ ಹೇಳುತ್ತೇನೆ. ಆರಂಭದಲ್ಲಿ 18 ಮಕ್ಕಳು ಸಮುದ್ರದಲ್ಲಿ ಒತ್ತಾಗಿ ನಿಲ್ಲಲಿ, 4 ಮಕ್ಕಳು ಮಣ್ಣಿನ ಚೌಕದಲ್ಲಿ ಕುಳಿತುಕೊಳ್ಳಲಿ, 2 ಮಕ್ಕಳು ಕೆರೆಯಲ್ಲಿರಲಿ. ಎಲ್ಲರನ್ನೂ ಸಮುದ್ರದಿಂದಲೇ ಹೊರಡಿಸಿದರೆ ಆವಿ ಸಮುದ್ರದಿಂದ ಮಾತ್ರ ಏಳುತ್ತದೆ ಎಂಬ ತಪ್ಪು ಕಲ್ಪನೆ ಉಳಿಯುತ್ತದೆ. ಈಗ ತಟ್ಟೆಯನ್ನು ಬಡಿಯಿರಿ. ಸಮುದ್ರದ ಗುಂಪಿನಲ್ಲಿ ಹೊರ ಅಂಚಿನಲ್ಲಿರುವ 10 ಮಕ್ಕಳು ಮಾತ್ರ ಮುಷ್ಟಿ ಮುಚ್ಚಿ ಬಿಡಿಯಾಗಿ ಹೊರಬರಲಿ, ಏಕೆಂದರೆ ನೀರು ಆವಿಯಾಗುವುದು ಮೇಲ್ಮೈಯಿಂದ. ಕೆರೆಯಿಂದ 1 ಮಗು ಹೊರಡಲಿ. ಮಣ್ಣಿನಿಂದ 1 ಮಗು ಎದ್ದು, ಬೇರಿನಿಂದ ಕಾಂಡದ ಮೂಲಕ ಎಲೆಯವರೆಗೆ ಏರುವಂತೆ ಕೈಯನ್ನು ನಿಧಾನವಾಗಿ ಮೇಲೆತ್ತಿ, ಕಾಫಿ ಗಿಡದ ಎಲೆಯಿಂದ ಆವಿಯಾಗಿ ಹೊರಬರಲಿ. ಈಗ 12 ಮುಷ್ಟಿಗಳು ಮುಚ್ಚಿವೆ.

ಬೀಸಣಿಗೆ ಬೀಸಿದಾಗ ಸಮುದ್ರದಿಂದ ಎದ್ದವರು ಪೂರ್ವಕ್ಕೆ ಸಾಗಿ ಗೆರೆಗಳನ್ನು ದಾಟುತ್ತಾರೆ, ಕೆರೆಯಿಂದಲೂ ಎಲೆಯಿಂದಲೂ ಹೊರಟವರು ಮೂರನೇ ಗೆರೆಯಲ್ಲಿ ಅವರನ್ನು ಸೇರಿಕೊಳ್ಳುತ್ತಾರೆ. ಅಲ್ಲಿ ನಿಂತು "ತಣ್ಣಗಾಯಿತು" ಎಂದು ಹೇಳಿ. 12 ಪಟ್ಟಿಗಳು ಒಟ್ಟಿಗೆ ಹೊರಬರುತ್ತವೆ. ಸಮುದ್ರದಲ್ಲಿ ಉಳಿದ ಮಕ್ಕಳನ್ನು "ಈಗ ಅಲ್ಲಿ ಏನು ಕಾಣುತ್ತಿದೆ?" ಎಂದು ಕೇಳಿ. "ಮೋಡ" ಎಂದು ಅವರು ಹೇಳುವವರೆಗೂ ನೀವು ಆ ಪದವನ್ನು ಆಡಬೇಡಿ. ನಿಮ್ಮ ಪ್ರಶ್ನೆಗೆ ಮಕ್ಕಳಿಂದ ಉತ್ತರ ಬರಬೇಕಾದ ಜಾಗ ಇದು. ಒಂದು ಕ್ಷಣದ ಹಿಂದೆ ಇಲ್ಲದಿದ್ದ ಮೋಡ ತಮ್ಮ ಗೆಳೆಯರಿಂದಲೇ ಆದದ್ದನ್ನು ಅವರು ನೋಡುತ್ತಿರುತ್ತಾರೆ. ನಾನು ಇಲ್ಲಿ ಅರ್ಧ ನಿಮಿಷ ಏನನ್ನೂ ಹೇಳದೆ ಸುಮ್ಮನಿರುತ್ತೇನೆ.

ಮೋಡದ ಹನಿ ತೀರ ಸಣ್ಣದು. ಒಂದು ಸಾಧಾರಣ ಮಳೆಹನಿಯಾಗಲು ಅಂಥ ಹತ್ತು ಲಕ್ಷದಷ್ಟು ಹನಿಗಳು ಸೇರಬೇಕು. ಆದ್ದರಿಂದ ಒಬ್ಬೊಬ್ಬರೇ ಮಳೆಯಾಗಿ ಬೀಳುವಂತಿಲ್ಲ. ಐವರು ಕೈ ಹಿಡಿದು ಒಂದಾದಾಗ ಮಾತ್ರ ಭಾರವಾಗಿ ಕೆಳಗೆ ಕೂರಬಹುದು ಎಂಬ ನಿಯಮ ಮಾಡಿ. 12 ಮಕ್ಕಳಲ್ಲಿ ಐವರ ಎರಡು ಗುಂಪುಗಳಾಗುತ್ತವೆ, ಇಬ್ಬರು ಉಳಿಯುತ್ತಾರೆ. ಆ ಇಬ್ಬರು ನೆತ್ತಿಯನ್ನು ದಾಟಿ ಪೂರ್ವಕ್ಕೆ ಹೋಗಿ ಮತ್ತೆ ಮುಷ್ಟಿ ಮುಚ್ಚಿಕೊಳ್ಳಲಿ. ಬೆಟ್ಟದ ಆಚೆ ಇಳಿಯುವ ಗಾಳಿ ಬೆಚ್ಚಗಾಗುತ್ತದೆ, ಮೋಡ ಕರಗಿ ಮತ್ತೆ ಆವಿಯಾಗುತ್ತದೆ. ಭಾಗಮಂಡಲದಲ್ಲಿ ಬಿಡದೆ ಸುರಿಯುವ ದಿನವೂ ಕುಶಾಲನಗರದಲ್ಲಿ ಬಿಸಿಲು ಕಾಣಿಸುವುದಕ್ಕೆ ಇದು ಮುಖ್ಯವಾದ ಕಾರಣ. ಅಪ್ಪ ಅಥವಾ ತೋಟದ ಮೇಸ್ತ್ರಿ ಅಳೆದ ಮಳೆಯನ್ನು ಸೆಂಟು, ಇಂಚುಗಳಲ್ಲಿ ಕೇಳಿ ಬೆಳೆದ ಮಕ್ಕಳು ಇಲ್ಲಿ ತಮ್ಮ ಊರಿನ ಲೆಕ್ಕವನ್ನು ತಾವೇ ಹೇಳತೊಡಗುತ್ತಾರೆ. 100 ಸೆಂಟು ಸೇರಿದರೆ 1 ಇಂಚು ಎಂಬುದು ಅವರಲ್ಲಿ ಹಲವರಿಗೆ ಪುಸ್ತಕಕ್ಕಿಂತ ಮೊದಲೇ ಗೊತ್ತಿರುತ್ತದೆ.

ಮೊದಲ ಗುಂಪು ಸರಿಯಾಗಿ ನೆತ್ತಿಯ ಗೆರೆಯ ಮೇಲೆ ಬೀಳಲಿ. ಗೆರೆಯ ಪಶ್ಚಿಮಕ್ಕೆ ಕಾಲಿಟ್ಟ 2 ಮಕ್ಕಳು ಬರಪೊಳೆಯಂತೆ ಕೇರಳದ ಕಡೆಗೆ ಇಳಿದು ಅರಬ್ಬೀ ಸಮುದ್ರಕ್ಕೇ ಮರಳುತ್ತಾರೆ, ಪೂರ್ವಕ್ಕೆ ಬಿದ್ದ 3 ಮಕ್ಕಳು ಕಾವೇರಿಯ ಕಡೆಗೆ ಹೊರಡುತ್ತಾರೆ. ಕೈ ಹಿಡಿದು ಬಿದ್ದವರು ಒಂದು ಹೆಜ್ಜೆಯ ಅಂತರದಿಂದಾಗಿ ಎರಡು ಕಡಲುಗಳ ಹಾದಿ ಹಿಡಿಯುವುದನ್ನು ಮಕ್ಕಳು ಬಹಳ ದಿನ ನೆನಪಿಟ್ಟುಕೊಳ್ಳುತ್ತಾರೆ.

ಎರಡನೇ ಗುಂಪು ಕಾಡಿನ ಚೌಕದ ಮೇಲೆ ಬೀಳಲಿ. 2 ಮಕ್ಕಳು ನೆಲದ ಮೇಲೆ ಹರಿದು ತೊರೆಯನ್ನು ಸೇರಲಿ, 3 ಮಕ್ಕಳು ಮಣ್ಣಿನೊಳಗೆ ಇಳಿಯಲಿ. ಮಣ್ಣಿನಲ್ಲಿರುವವರಿಗೆ ಒಂದು ಬೇರೆಯೇ ನಿಯಮವಿದೆ. ಅವರು ಮನಸ್ಸಿನಲ್ಲಿ ಹತ್ತು ಎಣಿಸಿ ಒಂದು ಪುಟ್ಟ ಹೆಜ್ಜೆ ಇಡಬೇಕು, ಮತ್ತೆ ಹತ್ತು ಎಣಿಸಬೇಕು. ಹೊಳೆಯಲ್ಲಿರುವವರು ಬೇಗ ಬೇಗ ನಡೆದು ಜಗಲಿಗೆ ಹೋಗಿಬಿಡುತ್ತಾರೆ. ಅವರು ಹೋದ ಮೇಲೆ ಕಾವೇರಿಯ ಗೆರೆ ಖಾಲಿಯಾಗಿರುತ್ತದೆ. ಆಗ ಆಟವನ್ನು ನಿಲ್ಲಿಸಿ ಕೇಳಬೇಕಾದ ಪ್ರಶ್ನೆ ಒಂದಿದೆ: "ಈಗ ಫೆಬ್ರವರಿ ತಿಂಗಳು. ಎಷ್ಟೋ ವಾರಗಳಿಂದ ಮಳೆಯಿಲ್ಲ. ಆದರೂ ಹೊಳೆಯಲ್ಲಿ ನೀರಿದೆ. ಅದು ಎಲ್ಲಿಂದ ಬಂತು?" ಮಕ್ಕಳು ಮೊದಲು ಮೋಡವನ್ನೂ ಸಮುದ್ರವನ್ನೂ ತೋರಿಸುತ್ತಾರೆ. ಅಷ್ಟು ಹೊತ್ತಿಗೆ ಮಣ್ಣಿನ ಚೌಕದಿಂದ ಒಂದು ಮಗು ಹತ್ತು ಎಣಿಸಿ ಮುಗಿಸಿ, ಒರತೆಯಾಗಿ, ಖಾಲಿ ಹೊಳೆಗೆ ಕಾಲಿಡುತ್ತದೆ. ಆ ಒಂದು ಹೆಜ್ಜೆಯಿಂದ ಆಗುವ ತಿಳಿವಳಿಕೆಯನ್ನು ಗೋಡೆಗೆ ತೂಗುಹಾಕಿದ ಬಾಣಗುರುತಿನ ಚಿತ್ರದಿಂದ ತರಲು ನನಗೆ ಎಂದೂ ಆಗಿಲ್ಲ. ಆ ಚಿತ್ರಗಳಲ್ಲಿ ಮಣ್ಣಿನೊಳಗಿನ ನೀರಿಗೆ ಸಾಮಾನ್ಯವಾಗಿ ಸಿಗುವುದು ಕೆಳಮೂಲೆಯ ಒಂದು ಸಣ್ಣ ಬಾಣ ಮಾತ್ರ. ಮಳೆ ನಿಂತ ಮೇಲೂ ಹರಿಯುವ ನಮ್ಮ ತೊರೆಗಳ ನೀರು ಬರುವುದು ಆ ಬಾಣದಿಂದಲೇ. ದೇವರಕಾಡಿನ ಪಕ್ಕದಲ್ಲಿ ಮನೆಯಿರುವ ಮಕ್ಕಳನ್ನು ಕೇಳಿದರೆ, ಬೇಸಿಗೆಯಲ್ಲೂ ಬತ್ತದ ಒರತೆ ಎಲ್ಲಿದೆ ಎಂದು ದಾರಿ ಸಮೇತ ಹೇಳುತ್ತಾರೆ. ಈ ಭಾಗಕ್ಕೆ ಸಮಯ ಸಾಲದಿದ್ದರೆ ಉಳಿದದ್ದನ್ನು ಮರುದಿನಕ್ಕೆ ಬಿಡಿ, ಇದನ್ನು ಅವಸರದಿಂದ ಮುಗಿಸಬೇಡಿ.

ಇಲ್ಲಿಯೇ ಒಂದು ಎಚ್ಚರಿಕೆಯನ್ನು ಹೇಳಬೇಕಾಗಿದೆ. ಮಣ್ಣಿನೊಳಗೆ ನೀರು ತುಂಬುವ ಮಾತು ಬಂದಾಗ ಕೆಲವು ಮಕ್ಕಳು ಬೆಟ್ಟ ಕುಸಿದ ಸಂಗತಿಯನ್ನು ಎತ್ತುತ್ತಾರೆ. 2018ರ ಆಗಸ್ಟ್‌ನಲ್ಲಿ ಜಿಲ್ಲೆಯ ಹಲವೆಡೆ ಆದದ್ದನ್ನೂ 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬೆಟ್ಟದಲ್ಲಿ ಆದದ್ದನ್ನೂ ಅವರು ಮನೆಯಲ್ಲಿ ಕೇಳಿರುತ್ತಾರೆ. ಕೆಲವರ ಮನೆಯವರು ಅದನ್ನು ಅನುಭವಿಸಿಯೂ ಇರಬಹುದು. ಮಗು ಹೇಳುವುದನ್ನು ಕೂತು ಕೇಳಿ, ತಿಳಿದಷ್ಟು ಉತ್ತರ ಕೊಡಿ. ಕುಸಿತವನ್ನು ಮಾತ್ರ ಆಡಿ ತೋರಿಸಲು ಬಿಡಬೇಡಿ.

ಹೊಳೆ ಸೇರಿದ ಮೊದಲಿನ ಐವರ ಕಥೆ ಜಗಲಿಯ ಕಡೆಗೆ ಮುಂದುವರಿಯುತ್ತದೆ. ಅವರು ಭಾಗಮಂಡಲ, ಸಿದ್ದಾಪುರ, ಕುಶಾಲನಗರಗಳನ್ನು ದಾಟಿ ಕನ್ನಂಬಾಡಿ ಕಟ್ಟೆಯಲ್ಲಿ ಸ್ವಲ್ಪ ನಿಲ್ಲಲಿ. ಅಲ್ಲಿಂದ ಇಬ್ಬರು ನಾಲೆಯಲ್ಲಿ ಮಂಡ್ಯದ ಗದ್ದೆಗೆ ಹೋಗಲಿ, ಒಬ್ಬರು ಬೆಂಗಳೂರಿನ ನಲ್ಲಿಗೆ, ಇಬ್ಬರು ಪೂಂಪುಹಾರ್ ಬಳಿ ಬಂಗಾಳ ಕೊಲ್ಲಿಗೆ. ಅರಬ್ಬೀ ಸಮುದ್ರದಿಂದ ಎದ್ದ ನೀರು ಬಂಗಾಳ ಕೊಲ್ಲಿಯನ್ನು ಸೇರಿತು, ಹೊರಟ ಜಾಗಕ್ಕೆ ಮರಳಲಿಲ್ಲ. ಚಕ್ರ ಎಂಬ ಪದವನ್ನು ಕೇಳಿದ ಮಕ್ಕಳು ಇಲ್ಲಿ ತಕರಾರು ತೆಗೆಯುತ್ತಾರೆ, ತೆಗೆಯಬೇಕು. ಒಂದೊಂದು ಹನಿಯೂ ಬಿಟ್ಟ ಜಾಗಕ್ಕೇ ಬರಬೇಕೆಂದಿಲ್ಲ. ಕಡಲುಗಳು ಒಂದಕ್ಕೊಂದು ಕೂಡಿಕೊಂಡಿವೆ, ಗಾಳಿಗೂ ಗಡಿಯಿಲ್ಲ. ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಬರುವ ಹಿಂಗಾರು ಮಳೆಯ ನೀರು ಬಹುಪಾಲು ಬಂಗಾಳ ಕೊಲ್ಲಿಯ ಕಡೆಯಿಂದ ಬಂದದ್ದೇ ಎಂದು ಹೇಳಿದರೆ ಜಗಲಿಯಲ್ಲಿ ನಿಂತ ಇಬ್ಬರಿಗೂ ಮನೆಗೆ ಮರಳುವ ಒಂದು ದಾರಿ ಸಿಕ್ಕಂತಾಗುತ್ತದೆ.

ಜಗಲಿಗೆ ಹೋಗುವ ಮುಂಚಿನ ಸ್ಥಿತಿಯನ್ನು ಕಪ್ಪುಹಲಗೆಯ ಮೇಲೆ ಬರೆದು ಕೂಡಿಸಿ. ಒರತೆ ಇನ್ನೂ ಹೊರಡದಿರುವಾಗ ಸಮುದ್ರದಲ್ಲಿ 10, ಮಣ್ಣಿನಲ್ಲಿ 6, ಕೆರೆಯಲ್ಲಿ 1, ಹೊಳೆಯಲ್ಲಿ 5, ಆವಿಯಾಗಿ 2, ಒಟ್ಟು 24. ಆವಿಯ ಇಬ್ಬರನ್ನು ಲೆಕ್ಕಕ್ಕೆ ಹಿಡಿಯದೆ 22 ಎನ್ನುವ ಮಗು ಇದ್ದೇ ಇರುತ್ತದೆ. ಮುಷ್ಟಿ ತೆರೆಸಿ ಮತ್ತೆ ಎಣಿಸಲು ಹೇಳಿ. "ನೀರು ಒಣಗಿ ಹೋಯಿತು" ಎಂಬ ದಿನನಿತ್ಯದ ಮಾತಿನೊಳಗಿನ "ಹೋಯಿತು" ಎಂಬುದರ ಅರ್ಥ ಈ ಎಣಿಕೆಯಿಂದಲೇ ತಿದ್ದಿಕೊಳ್ಳುತ್ತದೆ.

ಎರಡನೇ ಸುತ್ತನ್ನು ಬೇರೆ ದಿನ ಚೀಟಿಗಳಿಂದ ಆಡಿಸಬಹುದು. ಪ್ರತಿ ಜಾಗದಲ್ಲಿ ಆರು ಚೀಟಿಗಳ ಒಂದು ಡಬ್ಬಿ ಇಡಿ, ತಟ್ಟೆ ಬಡಿದಾಗಲೆಲ್ಲ ಮಗು ಒಂದು ಚೀಟಿ ತೆಗೆದು, ಓದಿ, ಡಬ್ಬಿಗೇ ಹಾಕಿ ಮುಂದುವರಿಯಲಿ. ಸಮುದ್ರದ ಡಬ್ಬಿಯಲ್ಲಿ ಐದು "ಇಲ್ಲೇ ಇರು", ಒಂದು "ಆವಿಯಾಗು". ಮಣ್ಣಿನಲ್ಲಿ ನಾಲ್ಕು "ಇಲ್ಲೇ ಇರು", ಒಂದು "ಒರತೆಯಾಗಿ ಹೊಳೆಗೆ", ಒಂದು "ಬೇರಿಗೆ". ಆವಿ ಗಾಳಿಯಲ್ಲಿ ಇರುವುದು ಸರಾಸರಿ 8ರಿಂದ 10 ದಿನ ಮಾತ್ರ, ಆದ್ದರಿಂದ ಮೋಡದ ಡಬ್ಬಿಯಲ್ಲಿ "ಇರು" ಎಂಬ ಚೀಟಿ ಒಂದೂ ಬೇಡ. ಸಮುದ್ರದಲ್ಲಿ ಸಿಕ್ಕಿಕೊಂಡ ಮಗು ಬೇಸರಗೊಂಡು ಅಳುವುದುಂಟು. ಮೂರು ಸರದಿ ಕಳೆದ ಮೇಲೆ ಅದಕ್ಕೆ ಬೀಸಣಿಗೆ ಕೊಟ್ಟು ಗಾಳಿಯಾಗಲು ಬಿಡಿ.

ಈ ಆಟ ಹೇಳಲಾರದ ಸಂಗತಿಯೂ ಇದೆ. ಆವಿಯಾದ ಹನಿ ಹನಿಯಾಗಿ ಉಳಿದಿರುವುದಿಲ್ಲ. ಅದು ಎಣಿಕೆಗೆ ಸಿಗದಷ್ಟು ಸಣ್ಣ ಕಣಗಳಾಗಿ ಚದುರಿರುತ್ತದೆ. ಒಂದು ಮಗು ಕೊನೆಯವರೆಗೂ ಒಂದೇ ಮಗುವಾಗಿರುವುದರಿಂದ ಆಟದಲ್ಲಿ ಈ ಚದುರುವಿಕೆ ಕಾಣಿಸುವುದಿಲ್ಲ. ಮೂರನೇ ತರಗತಿಯ ಮಟ್ಟಿಗೆ ಇದನ್ನು ನಾನು ಒಪ್ಪಿಕೊಳ್ಳುತ್ತೇನೆ. ಆದರೆ "ಹನಿಗೆ ಆಕಾಶ ನೋಡಬೇಕೆನಿಸಿತು", "ಸೂರ್ಯ ನೀರು ಕುಡಿದ" ಎಂಬ ಮಾತುಗಳನ್ನು ಒಪ್ಪಲಾರೆ. ಬಿಸಿಲು ತಾಗಿತು, ಆವಿಯಾಯಿತು, ತಣ್ಣಗಾಯಿತು, ಹನಿಗಟ್ಟಿತು, ಇಳಿಜಾರಿತ್ತು, ಹರಿಯಿತು ಎಂದು ಕಾರಣವನ್ನು ಮುಂದಿಟ್ಟು ಹೇಳುವ ಅಭ್ಯಾಸವನ್ನು ನೀವು ಮಾಡಿಕೊಂಡರೆ ಮಕ್ಕಳ ಮಾತೂ ಅದೇ ರೀತಿ ತಿರುಗುತ್ತದೆ.

ಕಲಿತರೋ ಇಲ್ಲವೋ ಎಂದು ತಿಳಿಯಲು ಜಲಚಕ್ರ ಎಂದರೇನು ಎಂದು ಕೇಳಬೇಡಿ. ಎರಡು ದಿನ ಬಿಟ್ಟು, ಅಂಗೈಯ ಅಚ್ಚಿದ್ದ ಜಾಗವನ್ನು ತೋರಿಸಿ "ಆ ನೀರು ಈಗ ಎಲ್ಲಿದೆ?" ಎಂದು ಒಬ್ಬೊಬ್ಬರನ್ನೇ ಬೇರೆಯಾಗಿ ಕೇಳಿ. "ಹಲಗೆ ಕುಡಿಯಿತು" ಎಂದ ಮಗುವಿಗೆ, ನೀರನ್ನು ಕುಡಿಯದ ಸ್ಟೀಲ್ ತಟ್ಟೆಯ ಮೇಲೆ ಮತ್ತೊಮ್ಮೆ ಅಚ್ಚು ಒತ್ತಿಸಿ ಕಾಯಿಸಬೇಕು. "ಸೂರ್ಯನ ಹತ್ತಿರ ಹೋಯಿತು" ಎಂದ ಮಗು ಆಟದಲ್ಲಿ ತಟ್ಟೆ ಹಿಡಿದವರ ಕಡೆಗೆ ನಡೆದಿರಬಹುದು. ಮುಂದಿನ ಸಲ ತಟ್ಟೆ ಹಿಡಿದವರು ಎಲ್ಲರ ಹಿಂದೆ, ಮಕ್ಕಳು ಸಾಗುವ ದಾರಿಯಿಂದ ದೂರ ನಿಲ್ಲಲಿ. "ಗಾಳಿಯಲ್ಲಿದೆ, ಕಾಣಲ್ಲ" ಎಂದರೆ ಆ ಮಗುವಿಗೆ ಅರ್ಥವಾಗಿದೆ. ಮೋಡದ ಚಿತ್ರವನ್ನೂ ಬರೆಸಿ. ಹೊರಗೆರೆಯೊಳಗೆ ನೀರು ತುಂಬಿದ್ದರೆ ಚೀಲದ ಕಲ್ಪನೆ ಇನ್ನೂ ಉಳಿದಿದೆ, ಚುಕ್ಕೆಗಳ ಗುಂಪಾಗಿದ್ದರೆ ಹೋಗಿದೆ.

ಕೊನೆಯ ಪರೀಕ್ಷೆಯನ್ನು ನಾನು ಕಾಫಿ ಕೊಯ್ಲಿನವರೆಗೆ ಕಾಯ್ದಿರಿಸುತ್ತೇನೆ. ಹಣ್ಣನ್ನು ಕಣದಲ್ಲಿ ಹರಡಿ ಒಣಗಿಸುವಾಗ ಅದರ ತೂಕ ಅರ್ಧಕ್ಕಿಂತ ಹೆಚ್ಚು ಕಡಿಮೆಯಾಗುತ್ತದೆ. ಒಂದು ಬೊಗಸೆ ಹಣ್ಣನ್ನು ತರಗತಿಗೆ ತಂದು, ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ, ಜಗಲಿಯಲ್ಲಿ ಒಣಗಲು ಹಾಕಿ, ವಾರಕ್ಕೊಮ್ಮೆ ತೂಗಿ ಬರೆದಿಡಿ. ಕಡಿಮೆಯಾದ ತೂಕ ಎಲ್ಲಿಗೆ ಹೋಯಿತು ಎಂದು ಕೇಳಿದ್ದಕ್ಕೆ ಕಳೆದ ಸಲ ಒಬ್ಬ ಹುಡುಗ ಬಾಯಿ ತೆರೆಯಲಿಲ್ಲ. ಎದ್ದು ನಿಂತು, ಕೈಯನ್ನು ಚಾಚಿ, ಮೆಲ್ಲಗೆ ಮುಷ್ಟಿ ಮುಚ್ಚಿದ.